ಒಂದೇ ಡಬ್ಬಿ, ಎರಡು ಉತ್ತರ: ಕ್ರಿಯಾಟಿನ್ ತಗೊಂಡ್ರೆ ಕ್ಯಾನ್ಸರ್ ಬೆಳೆಯುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳಲು ಸಮಯ ಇಲ್ಲದವರು ಓದಿಕೊಳ್ಳಬಹುದು.)

ಬೀದರ್‌ನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ನಮ್ಮ ಮನೆಯಿಂದಲೇ ಶುರುವಾಗಿದ್ದು, ಅದಕ್ಕೇ ಮೊದಲು ಮನೆ ಕಥೆ ಹೇಳಿಬಿಡ್ತೀನಿ.

ಹೋದ ತಿಂಗಳು ಒಂದು ರಾತ್ರಿ ಹನ್ನೊಂದರ ಮೇಲೆ ನನ್ನ ಕಾಕಾನ ಮಗ ಫೋನ್ ಮಾಡಿದ. ಅವನಿಗೆ 24 ವರ್ಷ. ಭಾಲ್ಕಿಯಲ್ಲಿ ಕೆಲಸ, ಸಂಜೆ ಅಲ್ಲೇ ಜಿಮ್. ಕಾಕಾ ಇರೋದು ಔರಾದ್ ಹತ್ತಿರದ ಹಳ್ಳಿಯಲ್ಲಿ, ತೊಗರಿ, ಸೋಯಾಬೀನ್ ಬೆಳೀತಾರೆ. ಕಾಕಾಗೆ 58 ವರ್ಷ. ಈ ವರ್ಷ ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಗೊತ್ತಾಗಿ ಹೈದರಾಬಾದ್‌ನಲ್ಲಿ ಆಪರೇಷನ್ ಆಯ್ತು. ಈಗ ಕೀಮೋ ನಡೀತಾ ಇದೆ.

ಫೋನ್‌ನಲ್ಲಿ ತಮ್ಮನ ದನಿ ನಡುಗ್ತಿತ್ತು. "ಅಣ್ಣಾ, ನಾ ಅಪ್ಪಗ ಕೆಟ್ಟದ್ದು ಮಾಡೀನೇನು?" ಅಂದ.

ಏನಾಗಿತ್ತು ಅಂದ್ರೆ, ಆಪರೇಷನ್ ಆದ ಮೇಲೆ ಕಾಕಾ ತುಂಬಾ ಇಳಿದುಹೋಗಿದ್ದರು. 54 ಕೆಜಿ. ಮಂಚದಿಂದ ಏಳೋಕೂ ಕೈ ಹಿಡೀಬೇಕು. ಮಗನಿಗೆ ನೋಡೋಕಾಗಲಿಲ್ಲ. ತಾನು ಜಿಮ್‌ಗೆ ತಗೊಳ್ಳೋ ಕ್ರಿಯಾಟಿನ್ ಡಬ್ಬಿಯಿಂದ ಅಪ್ಪನಿಗೂ ನೀರಲ್ಲಿ ಕಲಸಿ ಕೊಡೋಕೆ ಶುರು ಮಾಡಿದ. ಮೊದಲ ವಾರ ದಿನಕ್ಕೆ 20 ಗ್ರಾಂ, ಅಂದ್ರೆ 5 ಗ್ರಾಂನಂತೆ ನಾಲ್ಕು ಸಲ. ಜಿಮ್‌ನಲ್ಲಿ ಇದಕ್ಕೆ ಲೋಡಿಂಗ್ ಅಂತಾರೆ. ಆಮೇಲೆ ದಿನಕ್ಕೆ 5 ಗ್ರಾಂ. ಎರಡು ವಾರ ಆಗಿತ್ತು. ಆ ರಾತ್ರಿ ಅವನ ಮೊಬೈಲ್‌ಗೆ ಒಂದು ರೀಲ್ಸ್ ಬಂತು: "ಕ್ರಿಯಾಟಿನ್ ಕ್ಯಾನ್ಸರ್ ಹರಡುತ್ತೆ, ವಿಜ್ಞಾನಿಗಳೇ ಹೇಳಿದ್ದಾರೆ." ಅದರ ಕೆಳಗೇ ಇನ್ನೊಂದು: "ಕ್ರಿಯಾಟಿನ್ ಕ್ಯಾನ್ಸರ್ ವಿರುದ್ಧ ಹೋರಾಡುತ್ತೆ, ವಿಜ್ಞಾನಿಗಳೇ ಹೇಳಿದ್ದಾರೆ."

ತಮಾಷೆ ಏನಂದ್ರೆ, ಎರಡೂ ರೀಲ್ಸ್‌ಗಳ ಹಿಂದೆ ನಿಜವಾದ ಸಂಶೋಧನೆ ಇದೆ. ಎರಡೂ ದೊಡ್ಡ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ನಾನು ಅವನ್ನು ಕೂತು ಓದಿದೆ, ಗೊತ್ತಿರೋ ಡಾಕ್ಟರ್‌ಗಳನ್ನ ಕೇಳಿದೆ. ಕೊನೆಗೆ ನಮ್ಮ ಮನೆಯಲ್ಲಿ ಒಂದೇ ಡಬ್ಬಿಗೆ ಎರಡು ಉತ್ತರ ಸಿಕ್ಕವು. ಮಗನಿಗೆ ಒಂದು, ಅಪ್ಪನಿಗೆ ಇನ್ನೊಂದು. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ.

ಮೊದಲು, ಈ ಕ್ರಿಯಾಟಿನ್ ಅಂದ್ರೇನು?

ಅದು ಸ್ಟೀರಾಯ್ಡ್ ಅಲ್ಲ. ಪ್ರೋಟೀನ್ ಪೌಡರ್ ಕೂಡ ಅಲ್ಲ. ನಮ್ಮ ದೇಹವೇ ದಿನವೂ ತಯಾರಿಸೋ ಒಂದು ಸಣ್ಣ ವಸ್ತು. ಮೂತ್ರಪಿಂಡದಲ್ಲಿ ಅರ್ಧ ಕೆಲಸ ಆಗುತ್ತೆ, ಯಕೃತ್ತಿನಲ್ಲಿ ಅಂದ್ರೆ ಲಿವರ್‌ನಲ್ಲಿ ಉಳಿದದ್ದು ಪೂರ್ತಿ ಆಗುತ್ತೆ. ಹೀಗೆ ದಿನಕ್ಕೆ ಸುಮಾರು 1 ಗ್ರಾಂ ತಯಾರಾಗುತ್ತೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಇನ್ನೊಂದು ಗ್ರಾಂನಷ್ಟು ಸಿಗುತ್ತೆ. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ ತಿನ್ನೋ ಸಸ್ಯಾಹಾರಿ ಮನೆಗಳಲ್ಲಿ ಊಟದಿಂದ ಬರೋದು ತೀರಾ ಕಡಿಮೆ, ಹಾಲಿನಲ್ಲಿ ಚೂರುಪಾರು ಅಷ್ಟೇ. ಅದಕ್ಕೇ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಕ್ರಿಯಾಟಿನ್ ಸ್ವಲ್ಪ ಕಡಿಮೆ ಇರುತ್ತೆ. ಪೌಡರ್ ತಗೊಂಡಾಗ ಅವರಿಗೆ ವ್ಯತ್ಯಾಸ ಹೆಚ್ಚು ಕಾಣೋದೂ ಇದೇ ಕಾರಣಕ್ಕೆ.

ಕೆಲಸ ಏನು? ಮನೆಯ ಇನ್ವರ್ಟರ್ ನೆನಪಿಸಿಕೊಳ್ಳಿ. ಕರೆಂಟ್ ಇರುವಾಗ ಬ್ಯಾಟರಿ ಚಾರ್ಜ್ ಆಗುತ್ತೆ, ಕರೆಂಟ್ ಹೋದ ಕ್ಷಣ ಅದು ಕೈ ಹಿಡಿಯುತ್ತೆ. ಜೀವಕೋಶದ ಕರೆಂಟ್‌ಗೆ ಎಟಿಪಿ ಅಂತ ಹೆಸರು. ಕೋಶ ಆರಾಮಾಗಿದ್ದಾಗ ಕ್ರಿಯಾಟಿನ್‌ಗೆ ಒಂದು ಫಾಸ್ಫೇಟ್ ಅಂಟಿಸಿ ಚಾರ್ಜ್ ಮಾಡಿ ಇಟ್ಟುಕೊಳ್ಳುತ್ತೆ. ಭಾರ ಎತ್ತುವ ಆ ಕೆಲವೇ ಸೆಕೆಂಡುಗಳಲ್ಲಿ ಎಟಿಪಿ ಸಾಲದೆ ಬಂದಾಗ ಆ ಫಾಸ್ಫೇಟ್ ವಾಪಸ್ ಕೊಟ್ಟು ಎಟಿಪಿ ಮಾಡಿಕೊಳ್ಳುತ್ತೆ. ದೇಹದ ಕ್ರಿಯಾಟಿನ್‌ನಲ್ಲಿ ಸುಮಾರು ಶೇ 95ರಷ್ಟು ಸ್ನಾಯುಗಳಲ್ಲೇ ಇರುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡ್ರಿ. ಬ್ಯಾಟರಿಗೆ ತನ್ನ ಯಜಮಾನ ಯಾರು ಅಂತ ಗೊತ್ತಿರಲ್ಲ. ಸ್ನಾಯು ಕೋಶಕ್ಕೂ ಅದು ಕರೆಂಟ್ ಕೊಡುತ್ತೆ. ಕ್ಯಾನ್ಸರ್ ಜೊತೆ ಕಾದಾಡೋ ರೋಗನಿರೋಧಕ ಕೋಶಕ್ಕೂ ಕೊಡುತ್ತೆ. ಕ್ಯಾನ್ಸರ್ ಕೋಶ ಕೇಳಿದ್ರೆ ಅದಕ್ಕೂ ಕೊಡುತ್ತೆ. ಮುಂದಿನ ಗೊಂದಲ ಎಲ್ಲಾ ಇಲ್ಲಿಂದಲೇ ಶುರು.

"ಹರಡುತ್ತೆ" ಅನ್ನೋ ರೀಲ್ಸ್ ಎಲ್ಲಿಂದ ಬಂತು?

ಅದರ ಮೂಲ 2021ರಲ್ಲಿ 'ಸೆಲ್ ಮೆಟಬಾಲಿಸಂ' ಪತ್ರಿಕೆಯಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದ ಲೇಖನ. ಅವರು ಇಲಿಗಳನ್ನು ತಗೊಂಡು ಕೆಲವಕ್ಕೆ ಕರುಳಿನ ಕ್ಯಾನ್ಸರ್ ಕೋಶಗಳನ್ನ, ಕೆಲವಕ್ಕೆ ಸ್ತನ ಕ್ಯಾನ್ಸರ್ ಕೋಶಗಳನ್ನ ಆಯಾ ಜಾಗದಲ್ಲೇ ನೆಟ್ಟರು. ಆಮೇಲೆ ಕೆಲವು ಇಲಿಗಳಿಗೆ ಕ್ರಿಯಾಟಿನ್ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಕ್ರಿಯಾಟಿನ್ ತಿಂದ ಇಲಿಗಳಲ್ಲಿ ಕ್ಯಾನ್ಸರ್ ಬೇರೆ ಅಂಗಗಳಿಗೆ ಹೆಚ್ಚು ಹರಡಿತು. ಆ ಇಲಿಗಳು ಬೇಗ ಸತ್ತವು.

ಯಾಕೆ ಹಾಗಾಯ್ತು ಅಂತಲೂ ಅವರು ಹುಡುಕಿದರು. ಗಡ್ಡೆಯೊಳಗಿನ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಪಕ್ಕದ ಕೋಶಗಳಿಗೆ ಅಂಟಿಕೊಂಡು ಇರ್ತವೆ. ಹರಡಬೇಕಾದ್ರೆ ಅವು ಅಂಟು ಬಿಡಿಸಿಕೊಂಡು ಚಲಿಸೋ ಗುಣ ಪಡೀಬೇಕು. ಅದನ್ನು ಮಾಡಿಸೋ ಎರಡು ಸ್ವಿಚ್‌ಗಳ ಹೆಸರು ಸ್ನೇಲ್ ಮತ್ತು ಸ್ಲಗ್. ಕ್ರಿಯಾಟಿನ್ ಹೆಚ್ಚಾದಾಗ ಈ ಸ್ವಿಚ್‌ಗಳು ಹೆಚ್ಚು ಆನ್ ಆಗ್ತವೆ ಅಂತ ಅವರು ತೋರಿಸಿದರು. ಅಂದ್ರೆ ಇಲ್ಲಿ ಕ್ರಿಯಾಟಿನ್ ಬರೀ ಬ್ಯಾಟರಿ ಅಲ್ಲ, ಒಂದು ಸೂಚನೆ ಕೊಡೋ ವಸ್ತುವಿನ ಥರಾನೂ ಕೆಲಸ ಮಾಡಿತು.

ಇನ್ನೊಂದು ಸಂಗತಿ ಗಮನಿಸಿ. ಲಿವರ್‌ಗೆ ಹರಡಿದ ಗಡ್ಡೆಗಳಲ್ಲಿ ಕ್ರಿಯಾಟಿನ್ ತಯಾರಿಸೋ ಕಿಣ್ವವೇ, ಅಂದ್ರೆ ಎನ್‌ಜೈಮೇ ಜಾಸ್ತಿ ಇತ್ತು. ಪೌಡರ್ ಕೊಡದೇ ಇದ್ದರೂ ಆ ಕೋಶಗಳು ತಮಗೆ ಬೇಕಾದ್ದನ್ನ ತಾವೇ ಮಾಡಿಕೊಳ್ತಿದ್ದವು.

ಇದಕ್ಕಿಂತ ಮೊದಲು, 2015ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು 'ಸೆಲ್' ಪತ್ರಿಕೆಯಲ್ಲಿ ಇನ್ನೊಂದು ವಿಷಯ ತೋರಿಸಿದ್ದರು. ಕರುಳಿನ ಕ್ಯಾನ್ಸರ್ ಕೋಶ ಲಿವರ್‌ಗೆ ಬಂದಿಳಿದಾಗ ಅಲ್ಲಿ ಅದಕ್ಕೆ ಆಮ್ಲಜನಕ ಸಾಲದು. ಬಹಳಷ್ಟು ಕೋಶಗಳು ಅಲ್ಲೇ ಸಾಯ್ತವೆ. ಬದುಕುವ ಕೋಶಗಳು ಒಂದು ಉಪಾಯ ಮಾಡ್ತವೆ. ಕ್ರಿಯಾಟಿನ್ ಚಾರ್ಜ್ ಮಾಡೋ ಕಿಣ್ವವನ್ನ ತಮ್ಮ ಹೊರಗೆ ಚೆಲ್ಲಿ, ಹೊರಗಿರೋ ಕ್ರಿಯಾಟಿನ್‌ನ ಚಾರ್ಜ್ ಮಾಡಿಸಿ, ಚಾರ್ಜ್ ಆದ ಬ್ಯಾಟರಿಯನ್ನ ಒಳಗೆ ಎಳೆದುಕೊಳ್ತವೆ. ಪಕ್ಕದ ಮನೆಯ ಲೈನಿಗೆ ಕೊಕ್ಕೆ ಹಾಕಿ ಕರೆಂಟ್ ಎಳೆದ ಹಾಗೆ. ಈ ಎಳೆದುಕೊಳ್ಳೋ ಬಾಗಿಲನ್ನೇ ಮುಚ್ಚೋ ಮಾತ್ರೆಯೊಂದನ್ನ ಆ ತಂಡದ ಕೆಲಸದಿಂದ ತಯಾರಿಸಿ, ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷೆಗೂ ಹಚ್ಚಿದ್ದಾರೆ.

ಹಾಗಾಗಿ "ಇಲಿ ಕಥೆ, ಬಿಡು" ಅಂತ ತಳ್ಳಿಹಾಕೋಕೆ ಆಗಲ್ಲ. ಅದ್ರಲ್ಲೂ ಕರುಳಿನ ಕ್ಯಾನ್ಸರ್ ವಿಷಯದಲ್ಲಿ.

"ಹೋರಾಡುತ್ತೆ" ಅನ್ನೋ ರೀಲ್ಸ್ ಎಲ್ಲಿಂದ ಬಂತು?

ಇದರ ಮೂಲ 2019ರದ್ದು. ಅಮೆರಿಕದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಲಿಲಿ ಯಾಂಗ್ ಅವರ ತಂಡ ಮಾಡಿದ ಕೆಲಸ. ನಮ್ಮ ದೇಹದಲ್ಲಿ ಟಿ-ಕೋಶಗಳು ಅಂತ ಕಾವಲುಗಾರರು ಇದ್ದಾರೆ. ಗಡ್ಡೆಯೊಳಗೆ ನುಗ್ಗಿ ಕ್ಯಾನ್ಸರ್ ಕೋಶಗಳನ್ನ ಕೊಲ್ಲೋದು ಇವರ ಕೆಲಸ. ಆದ್ರೆ ಗಡ್ಡೆಯೊಳಗೆ ಸಕ್ಕರೆ, ಆಮ್ಲಜನಕ ಎರಡನ್ನೂ ಕ್ಯಾನ್ಸರ್ ಕೋಶಗಳೇ ನುಂಗಿಹಾಕಿರ್ತವೆ. ಕಾವಲುಗಾರರಿಗೆ ಅಲ್ಲಿ ಊಟ ಇಲ್ಲ.

ಈ ತಂಡ ಮೊದಲು ಕ್ರಿಯಾಟಿನ್ ಒಳಗೆ ಹೋಗೋ ಬಾಗಿಲೇ ಇಲ್ಲದ ಇಲಿಗಳನ್ನ ನೋಡಿತು. ಅವುಗಳಲ್ಲಿ ಟಿ-ಕೋಶಗಳು ಬೇಗ ಸುಸ್ತಾದವು, ಗಡ್ಡೆ ಬೇಗ ಬೆಳೆಯಿತು. ಆಮೇಲೆ ಸಾಮಾನ್ಯ ಇಲಿಗಳಿಗೆ ಕ್ರಿಯಾಟಿನ್ ಕೊಟ್ಟರು. ಚರ್ಮದ ಮತ್ತು ಕರುಳಿನ ಕ್ಯಾನ್ಸರ್ ಗಡ್ಡೆಗಳು ನಿಧಾನವಾದವು. ಇಮ್ಯುನೊಥೆರಪಿ ಔಷಧದ ಜೊತೆ ಕೊಟ್ಟಾಗ ಪರಿಣಾಮ ಇನ್ನೂ ಚೆನ್ನಾಗಿತ್ತು.

1993ರಲ್ಲೇ ಅಮೆರಿಕದ ಮಿಲ್ಲರ್, ಇವಾನ್ಸ್, ಕೋನ್ ಎಂಬ ಮೂವರು ವಿಜ್ಞಾನಿಗಳು ಕ್ರಿಯಾಟಿನ್ ಕೊಟ್ಟಾಗ ಪ್ರಾಣಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಧಾನವಾಗಿದ್ದನ್ನ ವರದಿ ಮಾಡಿದ್ದರು. ಅಂದ್ರೆ ಈ ಪಕ್ಷಕ್ಕೂ ಹಳೇ ಸಾಕ್ಷಿ ಇದೆ.

ಹಂಗಾದ್ರೆ ಯಾರು ಸುಳ್ಳು?

ಯಾರೂ ಅಲ್ಲ. ಎರಡೂ ಕಡೆಯವರು ಬೇರೆ ಬೇರೆ ಪ್ರಶ್ನೆ ಕೇಳಿದ್ದಾರೆ.

ಯುಸಿಎಲ್‌ಎ ತಂಡದ ಪ್ರಶ್ನೆ, ಇದ್ದಲ್ಲೇ ಇರೋ ಗಡ್ಡೆ ಎಷ್ಟು ಬೇಗ ದೊಡ್ಡದಾಗುತ್ತೆ, ಕಾವಲುಗಾರರು ಅದನ್ನ ತಡೀತಾರಾ ಅನ್ನೋದು. ಚೀನಾ ತಂಡದ ಪ್ರಶ್ನೆ, ಗಡ್ಡೆಯಿಂದ ಕೋಶಗಳು ಎದ್ದು ಬೇರೆ ಅಂಗಕ್ಕೆ ಹೋಗ್ತವಾ ಅನ್ನೋದು. ಗಡ್ಡೆ ಬೆಳೆಯೋದು ಬೇರೆ, ಹರಡೋದು ಬೇರೆ. ಕಾವಲುಗಾರರು ಬಲವಾಗಿರೋ ಗಡ್ಡೆಯಲ್ಲಿ ಬ್ಯಾಟರಿಯ ಲಾಭ ಅವರಿಗೆ ಹೆಚ್ಚು ಆಗಬಹುದು. ಕಾವಲುಗಾರರೇ ಇಲ್ಲದ ಕಡೆ, ಅಥವಾ ಕೋಶಗಳು ಈಗಾಗಲೇ ಓಡೋಕೆ ತಯಾರಾಗಿರೋ ಕಡೆ, ಲಾಭ ಕ್ಯಾನ್ಸರ್‌ಗೆ ಆಗಬಹುದು. ಒಬ್ಬ ಮನುಷ್ಯನ ಗಡ್ಡೆ ಯಾವ ಕಡೆ ವಾಲುತ್ತೆ ಅಂತ ಹೇಳೋ ಪರೀಕ್ಷೆ ಇವತ್ತು ಯಾವ ಆಸ್ಪತ್ರೆಯಲ್ಲೂ ಇಲ್ಲ.

ಈಗ ಎರಡೂ ರೀಲ್ಸ್‌ಗಳು ಮುಚ್ಚಿಟ್ಟ ಮಾತು ಕೇಳಿ. ನಾನು ಹೇಳಿದ ಈ ಪ್ರಯೋಗಗಳೆಲ್ಲ ಕ್ಯಾನ್ಸರ್ *ಈಗಾಗಲೇ ಇರೋ* ಪ್ರಾಣಿಗಳ ಮೇಲೆ ಆದವು. ವಿಜ್ಞಾನಿಗಳು ಕ್ಯಾನ್ಸರ್ ಕೋಶ ನೆಟ್ಟು, ಆಮೇಲೆ ಕ್ರಿಯಾಟಿನ್ ಏನು ಮಾಡುತ್ತೆ ಅಂತ ನೋಡಿದರು. ಆರೋಗ್ಯವಾಗಿರೋ ಇಲಿಗೆ ಕ್ರಿಯಾಟಿನ್ ತಿನ್ನಿಸಿ ಕ್ಯಾನ್ಸರ್ ಹುಟ್ಟಿಸಿದ ಕಥೆ ಇವುಗಳಲ್ಲಿ ಇಲ್ಲ. "ಕ್ಯಾನ್ಸರ್ ತರುತ್ತೆ" ಅನ್ನೋದು ಒಂದು ಮಾತು, "ಇರೋ ಕ್ಯಾನ್ಸರ್‌ಗೆ ಸಹಾಯ ಮಾಡಬಹುದು" ಅನ್ನೋದು ಪೂರ್ತಿ ಬೇರೆ ಮಾತು. ನನ್ನ ತಮ್ಮನಿಗೆ ಬೇಕಾಗಿದ್ದು ಮೊದಲನೇ ಮಾತಿನ ಉತ್ತರ, ಕಾಕಾಗೆ ಬೇಕಾಗಿದ್ದು ಎರಡನೇದು.

ಮನುಷ್ಯರಲ್ಲಿ ಏನು ಗೊತ್ತಿದೆ?

ಕ್ಯಾನ್ಸರ್ ರೋಗಿಗಳಿಗೇ ಕ್ರಿಯಾಟಿನ್ ಕೊಟ್ಟು ನೋಡಿದ ಒಂದು ಒಳ್ಳೆ ಅಧ್ಯಯನ ಇದೆ. 2017ರಲ್ಲಿ 'ಆನಲ್ಸ್ ಆಫ್ ಆಂಕಾಲಜಿ'ಯಲ್ಲಿ ಪ್ರಕಟವಾಯ್ತು. ನನ್ನ ತಮ್ಮನ ಯೋಚನೆಯೇ ಅಲ್ಲಿನ ಡಾಕ್ಟರ್‌ಗಳದ್ದೂ ಆಗಿತ್ತು: ಕ್ಯಾನ್ಸರ್‌ನಿಂದ ಸೊರಗಿದವರಿಗೆ ಕ್ರಿಯಾಟಿನ್ ಕೊಟ್ರೆ ತೂಕ, ಶಕ್ತಿ ವಾಪಸ್ ಬರುತ್ತಾ? 263 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಐದು ದಿನ 20 ಗ್ರಾಂ, ಆಮೇಲೆ ದಿನಕ್ಕೆ 2 ಗ್ರಾಂ ಕ್ರಿಯಾಟಿನ್. ಇನ್ನೊಂದು ಗುಂಪಿಗೆ ನೋಡೋಕೆ ಅದೇ ಥರ ಇರೋ, ಆದ್ರೆ ಕ್ರಿಯಾಟಿನ್ ಇಲ್ಲದ ಪುಡಿ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ.

ಫಲಿತಾಂಶ? ಹಸಿವು, ತೂಕ, ಶಕ್ತಿ, ಯಾವುದರಲ್ಲೂ ಎದ್ದು ಕಾಣೋ ಲಾಭ ಆಗಲಿಲ್ಲ. ಎಷ್ಟು ದಿನ ಬದುಕಿದರು ಅನ್ನೋದರಲ್ಲೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಇದರಿಂದ "ಕ್ಯಾನ್ಸರ್ ರೋಗಿಗೆ ಕ್ರಿಯಾಟಿನ್ ಸುರಕ್ಷಿತ" ಅಂತ ಸಾಬೀತಾಯ್ತಾ? ಪೂರ್ತಿ ಇಲ್ಲ. ಇವರು ಆಗಲೇ ಕಾಯಿಲೆ ಮುಂದುವರಿದವರು. ಹರಡುವಿಕೆ ಹೆಚ್ಚುತ್ತಾ ಅಂತ ಅಳೆಯೋದು ಆ ಅಧ್ಯಯನದ ಉದ್ದೇಶ ಆಗಿರಲಿಲ್ಲ. ಕಾಕಾ ಥರ ಆಪರೇಷನ್ ಆಗಿ, ಉಳಿದಿರಬಹುದಾದ ನಾಲ್ಕು ಕೋಶಗಳನ್ನ ಕೀಮೋದಿಂದ ಕೊಲ್ತಾ ಇರೋರ ಪರಿಸ್ಥಿತಿ ಬೇರೆ. ಆದ್ರೆ ಒಂದು ಮಾತು ಸ್ಪಷ್ಟವಾಯ್ತು: ಯಾವ ಲಾಭಕ್ಕೆ ಅಂತ ಮಗ ಕೊಡ್ತಿದ್ದನೋ, ಆ ಲಾಭ ಪರೀಕ್ಷೆಯಲ್ಲಿ ಸಿಗಲಿಲ್ಲ.

ಇನ್ನು ಆರೋಗ್ಯವಂತರ ವಿಷಯ. ದಿನಕ್ಕೆ 3ರಿಂದ 5 ಗ್ರಾಂ ತಗೊಂಡವರನ್ನ, ಕೆಲವು ಕಡೆ ಐದು ವರ್ಷದವರೆಗೂ ಗಮನಿಸಿದ್ದಾರೆ. ಗಂಭೀರ ಹಾನಿ ಕಂಡಿಲ್ಲ. ಕ್ಯಾನ್ಸರ್ ಬೆಳೆಯೋಕೆ ಹತ್ತಿಪ್ಪತ್ತು ವರ್ಷ ಬೇಕು, ಐದು ವರ್ಷದ ಅಧ್ಯಯನ ಅದಕ್ಕೆ ಪೂರ್ತಿ ಉತ್ತರ ಅಲ್ಲ, ಅದನ್ನೂ ಹೇಳಲೇಬೇಕು.

ಜಿಮ್ ಹುಡುಗರು ತಿಳ್ಕೋಬೇಕಾದ ಇನ್ನೊಂದು ಅಧ್ಯಯನ ಇದೆ. 2015ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್'ನಲ್ಲಿ ಬಂದಿದ್ದು, ವೃಷಣದ ಕ್ಯಾನ್ಸರ್ ಬಗ್ಗೆ. ಅಮೆರಿಕದ ಎರಡು ರಾಜ್ಯಗಳ 356 ರೋಗಿಗಳನ್ನೂ, ಆ ಕಾಯಿಲೆ ಇಲ್ಲದ 513 ಜನರನ್ನೂ ಕೇಳಿದರು: "ಬಾಡಿ ಬೆಳೆಸೋ ಸಪ್ಲಿಮೆಂಟ್ ತಗೊಂಡಿದ್ದೀರಾ?" ತಗೊಂಡವರಲ್ಲಿ ಕ್ಯಾನ್ಸರ್ ಸಾಧ್ಯತೆ ಸುಮಾರು 1.65 ಪಟ್ಟು ಕಂಡಿತು. 25 ವರ್ಷಕ್ಕೆ ಮೊದಲೇ ಶುರು ಮಾಡಿದವರಲ್ಲಿ, ಎರಡು ಮೂರು ಥರದ್ದು ಒಟ್ಟಿಗೆ ತಗೊಂಡವರಲ್ಲಿ ಇನ್ನೂ ಹೆಚ್ಚು.

ಹೆದರೋಕೆ ಮೊದಲು ಇದರ ಮಿತಿ ನೋಡ್ರಿ. ಇಲ್ಲಿ ಕ್ರಿಯಾಟಿನ್, ಪ್ರೋಟೀನ್, ಜೊತೆಗೆ ದೇಹದಲ್ಲಿ ಗಂಡು ಹಾರ್ಮೋನ್ ಆಗಿ ಬದಲಾಗೋ ಆಂಡ್ರೋಸ್ಟೀನ್‌ಡಯೋನ್, ಎಲ್ಲಾ ಒಂದೇ ಪಟ್ಟಿಯಲ್ಲಿದ್ದವು. ತಪ್ಪು ಕ್ರಿಯಾಟಿನ್‌ದೇ ಅಂತ ಇದರಿಂದ ಬೆರಳು ತೋರಿಸೋಕಾಗಲ್ಲ. ಜನರ ನೆನಪಿನ ಮೇಲೆ ನಿಂತ ಲೆಕ್ಕ ಬೇರೆ. ಅದೂ ಅಲ್ಲದೆ ಭಾರತದಲ್ಲಿ ವೃಷಣದ ಕ್ಯಾನ್ಸರ್ ತೀರಾ ಅಪರೂಪ, ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದ್ರೂ ಈ ಅಧ್ಯಯನ ಒಂದು ಕೆಲಸದ ಮಾತು ಕಲಿಸುತ್ತೆ: ಡಬ್ಬಿಯಲ್ಲಿ ಕ್ರಿಯಾಟಿನ್ ಮೊನೊಹೈಡ್ರೇಟ್ ಒಂದೇ ಇದ್ರೆ ಒಂದು ವಿಷಯ, "ಮಾಸ್ ಬ್ಲಾಸ್ಟ್" ಅಂತ ಹೆಸರಿಟ್ಟು ಒಳಗೆ ಹದಿನೈದು ಐಟಂ ಕಲಸಿದ್ರೆ ಅದು ಬೇರೆಯೇ ವಿಷಯ. ಮತ್ತೆ, ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೆ ನಾಚಿಕೆ ಬಿಟ್ಟು ಡಾಕ್ಟರ್ ಹತ್ತಿರ ಹೋಗ್ರಿ. ಬೇಗ ಸಿಕ್ಕರೆ ಬಹುಪಾಲು ಗುಣ ಆಗೋ ಕ್ಯಾನ್ಸರ್ ಅದು.

ನಮ್ಮ ಮನೆಯಲ್ಲಿ ನಿಜವಾಗಿ ಆದ ಎಡವಟ್ಟು

ಈಗ ವಾಪಸ್ ಕಾಕಾನ ಹತ್ತಿರ ಬರೋಣ. ನಾವೆಲ್ಲ ಕ್ಯಾನ್ಸರ್ ಹರಡುತ್ತಾ ಅಂತ ತಲೆ ಕೆಡಿಸಿಕೊಂಡು ಕೂತಿದ್ವಿ. ಆದ್ರೆ ತೊಂದರೆ ಬೇರೆ ಬಾಗಿಲಿಂದ ಬಂದಿತ್ತು.

ಕಾಕಾಗೆ ಮೂರು ವಾರಕ್ಕೊಮ್ಮೆ ಹೈದರಾಬಾದ್‌ನಲ್ಲಿ ಒಂದು ಸಲೈನ್, ಆಮೇಲೆ ಮನೆಯಲ್ಲಿ ಹದಿನಾಲ್ಕು ದಿನ ಕ್ಯಾಪೆಸಿಟಬಿನ್ ಅನ್ನೋ ಮಾತ್ರೆ. ಪ್ರತಿ ಸಲ ಹೋಗೋ ಮೊದಲು ಬೀದರ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡ್ತೀವಿ. ಅದರಲ್ಲಿ ಕ್ರಿಯಾಟಿನಿನ್ ಅಂತ ಒಂದು ಸಾಲು ಇರುತ್ತೆ. ಹೆಸರು ಹತ್ತಿರ ಹತ್ತಿರ ಇದೆ, ಗಮನಿಸಿ. ಕ್ರಿಯಾಟಿನ್ ಅನ್ನೋದು ಬ್ಯಾಟರಿ. ಅದು ಸವೆದು ಉಳಿಯೋ ಕಸ ಕ್ರಿಯಾಟಿನಿನ್. ಈ ಕಸವನ್ನ ಮೂತ್ರಪಿಂಡ ಹೊರಗೆ ಹಾಕುತ್ತೆ. ರಕ್ತದಲ್ಲಿ ಕಸ ಹೆಚ್ಚಿದ್ರೆ ಮೂತ್ರಪಿಂಡ ಸೋತಿದೆ ಅಂತ ಡಾಕ್ಟರ್‌ಗಳು ಲೆಕ್ಕ ಹಾಕ್ತಾರೆ. ಆದ್ರೆ ಬ್ಯಾಟರಿಯನ್ನೇ ಬಾಯಿಂದ ಚಮಚಗಟ್ಟಲೆ ಹಾಕಿದ್ರೆ ಕಸವೂ ಹೆಚ್ಚೇ ಬರುತ್ತೆ, ಮೂತ್ರಪಿಂಡ ಚೆನ್ನಾಗಿದ್ದರೂ.

ಮೊದಲೆರಡು ಸಲ ಕಾಕಾನ ಕ್ರಿಯಾಟಿನಿನ್ 1.0 ಇತ್ತು. ಮೂರನೇ ಸಲ 1.25. ರಿಪೋರ್ಟ್‌ನ ಪಕ್ಕದಲ್ಲಿ ನಾರ್ಮಲ್ 0.7ರಿಂದ 1.3 ಅಂತ ಬರೆದಿತ್ತು. ನಾವು ನೋಡಿ ಸುಮ್ಮನಾದ್ವಿ. ಡಾಕ್ಟರ್ ಸುಮ್ಮನಾಗಲಿಲ್ಲ.

ಅವರು ಒಂದು ಲೆಕ್ಕ ಮಾಡ್ತಾರೆ, ನೀವೂ ಮಾಡಬಹುದು. 140ರಿಂದ ವಯಸ್ಸು ಕಳೀರಿ: 140ರಲ್ಲಿ 58 ಹೋದ್ರೆ 82. ಅದನ್ನ ತೂಕದಿಂದ ಗುಣಿಸಿ: 82 ಗುಣಿಲೆ 54, ಅಂದ್ರೆ 4428. ಅದನ್ನ 72ರಿಂದ ಭಾಗಿಸಿ: 61.5. ಕೊನೆಗೆ ಕ್ರಿಯಾಟಿನಿನ್‌ನಿಂದ ಭಾಗಿಸಿ. 1.0 ಇದ್ದಾಗ ಉತ್ತರ 61.5. 1.25 ಆದಾಗ 49.2. ಹೆಂಗಸರಿಗಾದ್ರೆ ಬಂದ ಉತ್ತರವನ್ನ 0.85ರಿಂದ ಗುಣಿಸ್ತಾರೆ. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಶುದ್ಧ ಮಾಡುತ್ತೆ ಅನ್ನೋ ಅಂದಾಜು ಇದು.

ಕ್ಯಾಪೆಸಿಟಬಿನ್ ಮಾತ್ರೆಗೆ ಈ 50 ಅನ್ನೋದು ಒಂದು ಗೆರೆ. 30ರಿಂದ 50ರ ನಡುವೆ ಬಂದ್ರೆ ಡೋಸ್ ಮುಕ್ಕಾಲಿಗೆ ಇಳಿಸಬೇಕು, ಯಾಕಂದ್ರೆ ಮೂತ್ರಪಿಂಡ ಸೋತವರಲ್ಲಿ ಮಾತ್ರೆಯ ಅಂಶ ಒಳಗೇ ಉಳಿದು ಭೇದಿ, ಬಾಯಿ ಹುಣ್ಣು ಜೋರಾಗುತ್ತೆ. ಅಂದ್ರೆ ಕಾಕಾನ ಕ್ಯಾನ್ಸರ್ ಮಾತ್ರೆ ಕಾಲು ಭಾಗ ಕಡಿಮೆ ಆಗೋದ್ರಲ್ಲಿತ್ತು. ಕ್ಯಾನ್ಸರ್ ಹರಡಬಾರದು ಅಂತ ಕೊಡೋ ಮಾತ್ರೆ, ಜಿಮ್ ಪೌಡರ್ ದೆಸೆಯಿಂದ ಕಡಿಮೆ.

ಡಾಕ್ಟರ್ ಕೇಳಿದರು, ಹೊಸ ಔಷಧ ಏನಾದ್ರೂ ಶುರು ಮಾಡಿದ್ದೀರಾ? ಕಾಕಾ "ಏನಿಲ್ರಿ" ಅಂದ್ರು. ಅವರ ಪ್ರಕಾರ ಅದು ಔಷಧ ಅಲ್ಲ, ಮಗ ಕೊಡೋ ಪುಡಿ. ನಾನೇ ತಮ್ಮನಿಗೆ ಹೇಳಿದೆ, "ಡಬ್ಬಿ ಫೋಟೋ ಹೊಡೆದು ಡಾಕ್ಟರ್‌ಗೆ ಕಳಿಸು, ಮುಚ್ಚಿಡಬ್ಯಾಡ." ಅವನು ಬೈಸಿಕೊಳ್ಳೋಕೆ ತಯಾರಾಗಿ ಕಳಿಸಿದ. ಡಾಕ್ಟರ್ ಬೈಲಿಲ್ಲ. ಪುಡಿ ನಿಲ್ಲಿಸಿ ಅಂದ್ರು, ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ಇದೂ ಮೂತ್ರಪಿಂಡದ ಪರೀಕ್ಷೆಯೇ, ಆದ್ರೆ ಕ್ರಿಯಾಟಿನ್ ತಿಂದದ್ದಕ್ಕೆ ಇದು ಮೋಸ ಹೋಗಲ್ಲ. ಅದು ಸರಿಯಾಗೇ ಬಂತು. ಕೀಮೋ ಒಂದು ವಾರ ಮುಂದಕ್ಕೆ ಹೋಯ್ತು, ಡೋಸ್ ಪೂರ್ತಿಯೇ ಉಳೀತು. ಮೂರು ವಾರ ಬಿಟ್ಟು ನೋಡಿದಾಗ ಕ್ರಿಯಾಟಿನಿನ್ 1.05ಕ್ಕೆ ಇಳಿದಿತ್ತು.

ಹಾಗಂತ ಕ್ರಿಯಾಟಿನಿನ್ ಏರಿದಾಗೆಲ್ಲ "ಅದು ಪೌಡರ್‌ದು" ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಕೀಮೋದಲ್ಲಿ ವಾಂತಿ, ಭೇದಿಯಿಂದ ನೀರು ಕಡಿಮೆಯಾಗಿ ಮೂತ್ರಪಿಂಡಕ್ಕೆ ನಿಜವಾಗಿಯೂ ಪೆಟ್ಟು ಬೀಳಬಹುದು. ಎರಡರಲ್ಲಿ ಯಾವುದು ಅಂತ ಪರೀಕ್ಷೆ ಹೇಳಬೇಕು, ನಾವಲ್ಲ.

ಕೊನೆಗೆ, ಒಂದು ಡಬ್ಬಿಗೆ ಎರಡು ಉತ್ತರ

ಕಾಕಾಗೆ ಪುಡಿ ಬಂದ್. ಎರಡು ವಾರ ತಗೊಂಡಿದ್ದರಿಂದ ಕ್ಯಾನ್ಸರ್ ಹರಡಿಬಿಡ್ತು ಅಂತಲ್ಲ. ಹಾಗೆ ಹೇಳೋಕೆ ಯಾವ ಸಾಕ್ಷಿಯೂ ಇಲ್ಲ, ತಮ್ಮನಿಗೂ ಅದನ್ನೇ ಹೇಳಿದೆ. ಲಾಭ ಪರೀಕ್ಷೆಯಲ್ಲಿ ಸಿಕ್ಕಿಲ್ಲ, ಕರುಳಿನ ಕ್ಯಾನ್ಸರ್‌ನಲ್ಲೇ ಇಲಿಗಳು ಎಚ್ಚರಿಕೆ ಕೊಟ್ಟಿವೆ, ಮೇಲಾಗಿ ರಕ್ತ ಪರೀಕ್ಷೆಯ ಲೆಕ್ಕ ತಪ್ಪಿಸುತ್ತೆ. ಲಾಭ ಇಲ್ಲದ ಕಡೆ ಸಣ್ಣ ಅನುಮಾನಕ್ಕೂ ಬೆಲೆ ಕೊಡಬೇಕು.

ಹಂಗಾದ್ರೆ ಕಾಕಾ ಮಾಂಸವನ್ನೂ ಬಿಡಬೇಕಾ ಅಂತ ಕಾಕು ಕೇಳಿದರು. ಕ್ರಿಯಾಟಿನ್ ಹೆದರಿಕೆಗೆ ಊಟ ಬಿಡೋ ಅಗತ್ಯ ಇಲ್ಲ. ಒಂದು ಕೆಜಿ ಮಾಂಸದಲ್ಲಿ ಇರೋದೇ ನಾಲ್ಕೈದು ಗ್ರಾಂ, ಅಂದ್ರೆ ಪುಡಿಯ ಒಂದು ಚಮಚದಷ್ಟು. ಊಟದ್ದು ಪೂರ್ತಿ ನಿಲ್ಲಿಸಿದ್ರೂ ದೇಹ ತಾನೇ ದಿನಕ್ಕೆ ಒಂದು ಗ್ರಾಂ ಮಾಡುತ್ತೆ. ಉಪವಾಸ ಕೆಡವಿ ಕ್ಯಾನ್ಸರ್‌ನ ಬ್ಯಾಟರಿ ಖಾಲಿ ಮಾಡೋಕೆ ಆಗಲ್ಲ, ಮನುಷ್ಯ ಮಾತ್ರ ಖಾಲಿ ಆಗ್ತಾನೆ. ಈಗ ಕಾಕಾಗೆ ಮೊಟ್ಟೆ, ಬ್ಯಾಳಿ, ಹಾಲು, ಜೊತೆಗೆ ದಿನಕ್ಕೆ ಎರಡು ಸಲ ಹೊಲದ ಬದುವಿನವರೆಗೆ ನಡಿಗೆ.

ಇನ್ನು ತಮ್ಮ. ಆರೋಗ್ಯವಂತ, ಕ್ಯಾನ್ಸರ್ ಇಲ್ಲ. ಅವನು ಭಾಲ್ಕಿಯಲ್ಲಿ ಜಿಮ್ ಮುಂದುವರಿಸಿದ್ದಾನೆ, ದಿನಕ್ಕೆ 3 ಗ್ರಾಂ, ಲೋಡಿಂಗ್ ಇಲ್ಲ. ಒಂದೇ ಅಂಶ ಇರೋ ಡಬ್ಬಿ, ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರೋದು. ರಕ್ತ ಪರೀಕ್ಷೆಗೆ ಹೋದಾಗ "ಕ್ರಿಯಾಟಿನ್ ತಗೋತೀನಿ" ಅಂತ ಮೊದಲೇ ಹೇಳ್ತಾನೆ. ಆದ್ರೆ ಅಪ್ಪನಿಗೇ ಈ ವಯಸ್ಸಲ್ಲಿ ಕರುಳಿನ ಕ್ಯಾನ್ಸರ್ ಬಂದಿರೋದ್ರಿಂದ ಅವನಿಗೆ ಡಬ್ಬಿಗಿಂತ ಮುಖ್ಯ ಒಂದಿದೆ. ಡಾಕ್ಟರ್ ಹೇಳಿದರು, 40 ವರ್ಷದಿಂದಲೇ ಕರುಳಿನ ಕ್ಯಾಮೆರಾ ಪರೀಕ್ಷೆ, ಅಂದ್ರೆ ಕೊಲೊನೊಸ್ಕೋಪಿ ಶುರು ಮಾಡಬೇಕು. ಮಲದಲ್ಲಿ ರಕ್ತ ಕಂಡ್ರೆ 40ರವರೆಗೂ ಕಾಯೋ ಹಾಗಿಲ್ಲ.

ಮೊನ್ನೆ ಔರಾದ್‌ಗೆ ಹೋಗಿದ್ದೆ. ಕಾಕಾ ಕಟ್ಟೆ ಮೇಲೆ ಕೂತಿದ್ದರು. ತೂಕ 55 ಆಗಿದೆ. ನನ್ನ ನೋಡಿ ನಗ್ತಾ, "ನಿನ್ನ ತಮ್ಮ ಈಗ ನಂಗ ನೀರು ಕೊಡಬೇಕಾದ್ರೂ ಡಾಕ್ಟರಿಗಿ ಕೇಳ್ತಾನ" ಅಂದ್ರು.

ಹಂಗೇ ಇರಲಿ ಕಾಕಾ, ಅಂದೆ.